ಕಲಬುರಗಿ ಬಿಸಿಲಿಗೆ 20 ಲೀಟರ್ ಡಿಇಎಫ್ ಬಕೆಟ್ ಯಾಕೆ ಬೇಡ

ನನ್ನದು ಬಿಎಸ್6 ಡೀಸೆಲ್ ಕಾರು. ಹೊಗೆಯ ವಿಷ ಕಡಿಮೆ ಮಾಡಲು ಅದಕ್ಕೆ ಡಿಇಎಫ್ ಎಂಬ ಯೂರಿಯಾ ದ್ರಾವಣ ಹಾಕಬೇಕು. ಕಲಬುರಗಿಯಿಂದ ಹುಮನಾಬಾದ್, ಬೀದರ್ ಕಡೆ ಓಡಾಟ ಜಾಸ್ತಿ. 20 ಲೀಟರಿನ ಬಕೆಟ್ ತಗೊಂಡರೆ ಲೀಟರಿಗೆ ಅಗ್ಗ ಬೀಳುತ್ತದೆ, ನಿಜ. ಆದರೆ ಕಾರಿಗೆ ಎಷ್ಟು ಡಿಇಎಫ್ ಖರ್ಚಾಗುತ್ತದೆ ಅಂತ ಲೆಕ್ಕ ಹಾಕಿದ ಮೇಲೆ ನಾನು ಅದನ್ನು ಬಿಟ್ಟೆ.

ಲೆಕ್ಕಕ್ಕೆ ಡ್ಯಾಶ್‌ಬೋರ್ಡಿನ ಅಂದಾಜನ್ನು ನಂಬಲಿಲ್ಲ. ಡಿಇಎಫ್ ಟ್ಯಾಂಕ್ ಒಮ್ಮೆ ಪೂರ್ತಿ ತುಂಬಿಸಿ ಕಿಲೋಮೀಟರ್ ಬರೆದಿಟ್ಟೆ. ಮುಂದಿನ ಸಲ ಅದೇ ಮಟ್ಟಕ್ಕೆ ತುಂಬಿಸಿದಾಗ 4,200 ಕಿ.ಮೀ. ಓಡಿತ್ತು, 4 ಲೀಟರ್ ಹಿಡಿಯಿತು. ಅಂದರೆ ಲೀಟರಿಗೆ 1,050 ಕಿ.ಮೀ. ಅಷ್ಟು ದೂರಕ್ಕೆ ಡೀಸೆಲ್ ಸುಮಾರು 300 ಲೀಟರ್ ಹೋಗಿತ್ತು. ಡಿಇಎಫ್ ಅದರ ನೂರಕ್ಕೆ ಸುಮಾರು 1.3 ಪಾಲು ಆಯಿತು. ಕಾರು ತುಂಬ ಜನ ಕೂತು, ಹೆದ್ದಾರಿಯಲ್ಲಿ ಜೋರಾಗಿ ಓಡಿಸಿದರೆ ಇನ್ನಷ್ಟು ಬೇಕು. ಖರ್ಚು ಇದ್ದಕ್ಕಿದ್ದಂತೆ ತೀರಾ ಕಡಿಮೆಯಾದರೆ ಉಳಿತಾಯ ಅಂತ ಖುಷಿಪಡಬೇಡಿ. ಸಿಂಪಡಿಸುವ ನಾಜಲ್ ಬಿಳಿ ಹರಳು ಕಟ್ಟಿಕೊಂಡು ಮುಚ್ಚಿರಬಹುದು.

ಈ ಲೆಕ್ಕದಲ್ಲಿ 20 ಲೀಟರ್ ಖಾಲಿಯಾಗಲು 21,000 ಕಿ.ಮೀ. ಓಡಿಸಬೇಕು. ನನಗೆ ಅದು ವರ್ಷ ದಾಟುತ್ತದೆ. ಡಿಇಎಫ್ 25 ಡಿಗ್ರಿಯಲ್ಲಿ ಒಂದೂವರೆ ವರ್ಷ, 30ರಲ್ಲಿ ಒಂದು ವರ್ಷ, 35ರಲ್ಲಿ ಆರೇ ತಿಂಗಳು ಬಾಳುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ 40 ದಾಟುತ್ತದೆ ಅಲ್ವಾ? ಶಾಖಕ್ಕೆ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಮುಚ್ಚಳ ತೆಗೆದಾಗ ಮೂಗಿಗೆ ಘಾಟು ಜೋರಾಗಿ ಹೊಡೆದರೆ ಆ ಡಬ್ಬಿ ಬೇಡ. ಹಾಗಾಗಿ 10 ಲೀಟರಿನದೇ ಕೊಳ್ಳುತ್ತೇನೆ. ಸೀಲ್, ತಯಾರಿಸಿದ ತಿಂಗಳು, ಐಎಸ್ಒ 22241 ಗುರುತು ನೋಡುತ್ತೇನೆ. ಅಂಗಡಿಯ ಹೊರಗೆ ಬಿಸಿಲಿಗೆ ಸಾಲಾಗಿ ಇಟ್ಟಿದ್ದನ್ನು ಮುಟ್ಟುವುದಿಲ್ಲ.

ಮನೆಯಲ್ಲಿ ಡಿಇಎಫ್‌ನಲ್ಲಿ ಯೂರಿಯಾ ನೂರಕ್ಕೆ ಎಷ್ಟಿದೆ ಅಂತ ಅಳೆಯುವ ರಿಫ್ರಾಕ್ಟೋಮೀಟರ್ ಇದೆ. ಮೊದಲು ಡಿಸ್ಟಿಲ್ಡ್ ವಾಟರ್ ಹಾಕಿ ಸೊನ್ನೆಗೆ ಹೊಂದಿಸಬೇಕು. ಆಮೇಲೆ ಒಂದು ಹನಿ ಡಿಇಎಫ್. 32.5 ತೋರಿಸಬೇಕು, 31.8ರಿಂದ 33.2ರ ಒಳಗಿದ್ದರೆ ಸರಿ. 29, 30 ಬಂದರೆ ನೀರು ಬೆರೆಸಿದ್ದಾರೆ ಅಂತಲೇ ನನ್ನ ಅನುಮಾನ.

ನಮ್ಮ ಓಣಿಯ ಟ್ರಕ್ ಡ್ರೈವರ್ ಒಬ್ಬರು ಕೇಳಿದರು: "ಅಣ್ಣಾ, ಹೊಲಕ್ಕ ಹಾಕೋ ಯೂರಿಯಾನೇ ತೂಕ ಮಾಡಿ ಕಲಸಿದ್ರ ಅದೂ 32.5 ತೋರಸ್ತದಲ್ರೀ?" ತೋರಿಸುತ್ತದೆ, ಸಮಸ್ಯೆ ಇರುವುದೇ ಅಲ್ಲಿ. ಆ ಯಂತ್ರಕ್ಕೆ ಸಾಂದ್ರತೆ ಗೊತ್ತಾಗುತ್ತದೆ, ಶುದ್ಧತೆ ಗೊತ್ತಾಗುವುದಿಲ್ಲ. ಗೊಬ್ಬರದ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಇರುತ್ತದೆ. ಬೈಯುರೆಟ್ ಎಂಬ ಕಲ್ಮಶವೂ ಹೆಚ್ಚು. ಅದಕ್ಕೆ ಬೋರ್‌ವೆಲ್ ನೀರು ಸೇರಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೋಗಿ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಎಸ್‌ಸಿಆರ್ ಕ್ಯಾಟಲಿಸ್ಟಿನ ಮೇಲೆ ಕೂರುತ್ತವೆ. ಒಳ್ಳೆಯ ಡಿಇಎಫ್‌ನಲ್ಲಿ ಇವು ಒಂದೊಂದೂ ಕಿಲೋಗೆ ಅರ್ಧ ಮಿಲಿಗ್ರಾಂ ಮೀರಬಾರದು.

ಗಡಸು ನೀರಿನ ಅನುಮಾನ ಬಂದರೆ ಗಾಜಿನ ಶೀಶೆಯಲ್ಲಿ ಸ್ವಲ್ಪ ಡಿಇಎಫ್ ತಗೊಂಡು, ಸಾಬೂನಿನ ಚೂರು ಹಾಕಿ ಅಲ್ಲಾಡಿಸುತ್ತೇನೆ. ಪಕ್ಕದಲ್ಲಿ ಡಿಸ್ಟಿಲ್ಡ್ ವಾಟರಿನ ಶೀಶೆ ಇರಬೇಕು. ಡಿಇಎಫ್ ಮಾತ್ರ ಹಾಲಿನಂತೆ ಕದಡಿ ಗಸಿ ಬಿಟ್ಟರೆ ಅದು ಟ್ಯಾಂಕಿಗೆ ಹೋಗುವುದಿಲ್ಲ. ಸ್ವಲ್ಪ ಮಾತ್ರ ಕಲ್ಮಶ ಇದ್ದರೆ ಈ ಪರೀಕ್ಷೆಗೆ ಸಿಗುವುದಿಲ್ಲ. ಅದಕ್ಕೆ ಬಿಲ್ ಮತ್ತು ಬ್ಯಾಚ್ ನಂಬರಿನ ಫೋಟೋ ಇಟ್ಟುಕೊಳ್ಳುತ್ತೇನೆ.