ನಿವೃತ್ತಿ ನಂತರ ಮನೆಯಲ್ಲೇ ಕಲಿಕಾ ಕೇಂದ್ರ: ಶುರು ಮಾಡುವುದು ಹೇಗೆ?

ದಾವಣಗೆರೆಯಲ್ಲಿ ಟ್ಯೂಷನ್‌ಗೇನೂ ಬರವಿಲ್ಲ. ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆ ಒಂದು ಸುತ್ತು ಬಂದರೆ ಸಾಕು, ಬೋರ್ಡುಗಳು ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಹೆಚ್ಚಿನವು ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ. ಐದನೇ ಕ್ಲಾಸಿಗೆ ಬಂದರೂ ಕನ್ನಡ ಪುಸ್ತಕದ ಒಂದು ಪುಟ ಸರಾಗವಾಗಿ ಓದಲು ಬಾರದ ಮಗು ಎಲ್ಲಿಗೆ ಹೋಗಬೇಕು? ನಿವೃತ್ತ ಪ್ರಾಥಮಿಕ ಶಾಲೆ ಮೇಷ್ಟ್ರು, ಮೇಡಂಗಳು ಶುರು ಮಾಡಬೇಕಾದದ್ದು ಆ ಮಗುವಿಗಾಗಿ. ಮೂವತ್ತು ವರ್ಷ ಪಾಠ ಮಾಡಿದವರಿಗೆ ಮಗು ತಪ್ಪು ಓದಿದಾಗ ಆ ತಪ್ಪು ಎಲ್ಲಿಂದ ಬಂತು ಎಂದು ತಿಳಿಯುತ್ತದೆ. ಈಗಷ್ಟೇ ಡಿಗ್ರಿ ಮುಗಿಸಿದ ಹುಡುಗರಿಗೆ ಅದು ಅಷ್ಟು ಬೇಗ ಬರುವುದಿಲ್ಲ. ನಾನೂ ಅದೇ ಕೆಲಸ ಮಾಡಿದವಳು. ಹಾಗಾಗಿ ಕೇಂದ್ರವನ್ನು ಹೋಂವರ್ಕ್ ಸುತ್ತ ಕಟ್ಟಬೇಡಿ, ಆ ತಿಳಿವಳಿಕೆಯ ಸುತ್ತ ಕಟ್ಟಿ ಎಂದೇ ಹೇಳುತ್ತೇನೆ.

ಮೊದಲು ಜಾಗ, ಕಾಗದಪತ್ರ

ಇದನ್ನು ಬೇಗ ಮುಗಿಸೋಣ. ಮನೆಯ ಹಾಲ್ ಸಾಕು. ಒಂದು ಜಮಖಾನ, ಗೋಡೆಗೊಂದು ಕಪ್ಪು ಹಲಗೆ, ಮಗುವಿಗೊಂದು ಸ್ಲೇಟು, ಎರಡು ಒಳ್ಳೆಯ ಟ್ಯೂಬ್‌ಲೈಟ್. ಮಹಡಿ ಮೇಲೆ ತಗಡಿನ ಶೀಟು ಹಾಕಿಸಿ ಕ್ಲಾಸ್ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ನಮ್ಮೂರ ಮಾರ್ಚ್, ಏಪ್ರಿಲ್ ಬಿಸಿಲಿಗೆ ಕಾದ ಶೀಟು ಸಂಜೆಯಾದರೂ ಆರುವುದಿಲ್ಲ, ಮಕ್ಕಳು ತೂಕಡಿಸುತ್ತಾರೆ. ಪಾಠದ ಹೊತ್ತಿನಲ್ಲಿ ಬಾಗಿಲು ತೆರೆದೇ ಇರಲಿ, ಮನೆಯಲ್ಲಿ ಇನ್ನೊಬ್ಬ ದೊಡ್ಡವರು ಇರಲಿ. ಮಗುವನ್ನು ಕರೆದೊಯ್ಯಲು ಯಾರು ಬರುತ್ತಾರೆ, ಅವರ ಫೋನ್ ನಂಬರ್ ಏನು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಖಾಸಗಿ ಟ್ಯೂಷನ್ ಮಾಡಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು ಸೇವೆಯಲ್ಲಿ ಇರುವ ಶಿಕ್ಷಕರಿಗೆ. ನಿವೃತ್ತರಿಗೆ ಅದು ಅಡ್ಡ ಬರುವುದಿಲ್ಲ. ಆದರೆ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ಟ್ಯುಟೋರಿಯಲ್ ಸಂಸ್ಥೆಗಳ ನೋಂದಣಿಗೆ ಬೇರೆ ನಿಯಮ ಇದೆ. ಬೋರ್ಡ್ ಹಾಕುವ ಮುಂಚೆ ಬಿಇಒ ಕಚೇರಿಗೆ ಹೋಗಿ, ಎಷ್ಟು ಮಕ್ಕಳನ್ನು ಸೇರಿಸಿಕೊಳ್ಳುತ್ತೀರಿ ಎಂದು ಹೇಳಿ, ನೋಂದಣಿ ಬೇಕೇ ಎಂದು ಕೇಳಿಕೊಂಡು ಬನ್ನಿ. ಆ ಕಚೇರಿ ನಿಮಗೇನೂ ಹೊಸದಲ್ಲವಲ್ಲ.

ಮಕ್ಕಳು 15ಕ್ಕಿಂತ ಜಾಸ್ತಿ ಬೇಡ. ಮುಂದೆ ಹೇಳುವ ಕೆಲಸ ಅದಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆಗುವುದಿಲ್ಲ. ತಿಂಗಳಿಗೆ ತಲಾ 400 ರೂಪಾಯಿ ಇಟ್ಟುಕೊಂಡರೆ 6,000 ಆಯಿತು. ಅದರಲ್ಲಿ 3,000 ಸಹಾಯಕ್ಕೆ ಬರುವ ಡಿಗ್ರಿ ಹುಡುಗಿಗೆ ಕೊಡಿ. ಉಳಿದದ್ದು ಕರೆಂಟು, ಜೆರಾಕ್ಸ್, ತಿಂಡಿಗೆ ಹೋಗಿ ನಿಮ್ಮ ಕೈಗೆ ಉಳಿಯುವುದು ಅಷ್ಟಕ್ಕಷ್ಟೇ. ಪಿಂಚಣಿ ಇರುವವರು ಮಾಡಬಹುದಾದ ಕೆಲಸ ಇದು. ಇದರಿಂದಲೇ ಸಂಸಾರ ನಡೆಸುತ್ತೇನೆ ಎಂದರೆ ಕಷ್ಟ.

ಮೊದಲ ವಾರ ಪಾಠ ಬೇಡ

ಮಗು ಯಾವ ಕ್ಲಾಸು ಎಂದು ಕೇಳಿ ಆ ಕ್ಲಾಸಿನ ಪುಸ್ತಕ ತೆಗೆಯುವುದು ನಮ್ಮ ಕೈಗೆ ಅಂಟಿದ ಅಭ್ಯಾಸ. ಅದನ್ನು ಒಂದು ವಾರ ಪಕ್ಕಕ್ಕಿಡಿ. ಒಂದೊಂದೇ ಮಗುವನ್ನು ಹತ್ತಿರ ಕೂರಿಸಿಕೊಂಡು ಓದಿಸಿ. ಇದಕ್ಕೆ ಐದು ರಟ್ಟಿನ ಕಾರ್ಡು ಬೇಕು.

ಮೊದಲ ಕಾರ್ಡಿನಲ್ಲಿ ಕಾಗುಣಿತ, ಒತ್ತು ಯಾವುದೂ ಇಲ್ಲದ ಪದಗಳು: ಗರಗಸ, ಅರಸ, ದರ, ಸರ. ನಲಿಕಲಿಯಲ್ಲಿ ಪಾಠ ಮಾಡಿದವರಿಗೆ ನೆನಪಿರುತ್ತದೆ, ಅಲ್ಲಿ ಕಲಿಸುವುದು ಅ ಆ ಇ ಈ ಕ್ರಮದಲ್ಲಿ ಅಲ್ಲ, ರ ಗ ಸ ದ ಅ ಎಂದು. ಐದೇ ಅಕ್ಷರ ಬಂದರೂ ಇಷ್ಟು ಪದ ಓದಬಹುದು ಎಂಬುದೇ ಅದರ ಗುಟ್ಟು. ಎರಡನೇ ಕಾರ್ಡಿನಲ್ಲಿ ಕಾಗುಣಿತ: ಗಾಳಿ, ಕುದುರೆ, ಹೂವು, ಕೋಳಿ. ಮೂರನೆಯದರಲ್ಲಿ ಅದೇ ಅಕ್ಷರದ ಒತ್ತು: ಅಕ್ಕ, ಕಲ್ಲು, ಹಣ್ಣು. ನಾಲ್ಕನೆಯದರಲ್ಲಿ ಬೇರೆ ಅಕ್ಷರದ ಒತ್ತು: ಪುಸ್ತಕ, ಚಂದ್ರ, ಅಗ್ನಿ, ಸೂರ್ಯ. ಐದನೆಯದರಲ್ಲಿ ಐದು ವಾಕ್ಯದ ಚಿಕ್ಕ ಕಥೆ, ಕೊನೆಗೆ ಎರಡು ಪ್ರಶ್ನೆ.

ಮಗು ಓದುವಾಗ ತಿದ್ದಬೇಡಿ. ಅದರ ಬಾಯಲ್ಲಿ ಏನು ಬಂತೋ ಅದನ್ನೇ ಬರೆದುಕೊಳ್ಳಿ. ಸರಿ, ತಪ್ಪು ಎಂದು ಗುರುತು ಹಾಕಿದರೆ ಏನೂ ತಿಳಿಯುವುದಿಲ್ಲ. ವನ ಎಂಬುದನ್ನು ಮನ ಎಂದು ಓದಿದರೆ ವ, ಮ ಎರಡರ ಆಕಾರದಲ್ಲೇ ಗೊಂದಲ ಇದೆ. ಪುಸ್ತಕವನ್ನು ಪುಸಕ ಎಂದರೆ ಕೆಳಗಿನ ಒತ್ತಿನ ಕಡೆ ಕಣ್ಣೇ ಹೋಗುತ್ತಿಲ್ಲ. ಸೂರ್ಯವನ್ನು ಸೂಯರ ಎಂದರೆ ಆ ಮಗು ಎಲ್ಲ ಗುರುತನ್ನೂ ನೋಡುತ್ತಿದೆ, ಕಂಡ ಕ್ರಮದಲ್ಲೇ ಓದುತ್ತಿದೆ. ಅರ್ಕಾವತ್ತು ಬರೆಯುವಾಗ ಅಕ್ಷರದ ಆಮೇಲೆ ಬರುತ್ತದೆ, ಓದುವಾಗ ಮೊದಲು ಬರುತ್ತದೆ ಎಂಬುದೊಂದು ಅದಕ್ಕೆ ಗೊತ್ತಿಲ್ಲ ಅಷ್ಟೇ. ಪುಸಕ ಎಂದವನಿಗೆ ಕೆಲವು ವಾರದ ಕೆಲಸ ಬೇಕು. ಸೂಯರ ಎಂದವಳಿಗೆ ಸೂರ್ಯ, ಕಾರ್ಯ, ವರ್ಷ, ಧರ್ಮ ಎಂದು ಬೋರ್ಡಿನ ಮೇಲೆ ಬರೆದು, ಮೊದಲು ಯಾವುದನ್ನು ಹೇಳಬೇಕು ಎಂದು ಬೆರಳಿಟ್ಟು ತೋರಿಸಿದರೆ ಒಂದೆರಡು ದಿನದಲ್ಲೇ ಹಿಡಿತಕ್ಕೆ ಬರುತ್ತದೆ. ಪರೀಕ್ಷೆಯಲ್ಲಿ ಇಬ್ಬರಿಗೂ ಸೊನ್ನೆಯೇ ಬರುತ್ತಿತ್ತು, ಅಲ್ವಾ?

ಲೆಕ್ಕ ಬರಲ್ಲ ಎಂದು ಬಂದ ಹುಡುಗ

ಒಂದು ಉದಾಹರಣೆ ಪೂರ್ತಿ ನೋಡೋಣ. ಐದನೇ ಕ್ಲಾಸಿನ ಹುಡುಗ. ಅಮ್ಮ ಬಂದು, “ಲೆಕ್ಕ ಒಂದೂ ಬರಲ್ಲ ಮೇಡಂ, ಓದೋದು ಪರವಾಗಿಲ್ಲ” ಎನ್ನುತ್ತಾರೆ. ಅವನಿಗೆ ಈ ಲೆಕ್ಕ ಬರೆದುಕೊಡಿ: ಅಂಗಡಿಯಲ್ಲಿ 52 ಸೇರು ಮಂಡಕ್ಕಿ ಇತ್ತು. 27 ಸೇರು ಮಾರಾಟವಾಯಿತು. ಉಳಿದದ್ದು ಎಷ್ಟು?

ಅವನು 52, 27 ಎರಡನ್ನೂ ಕೂಡಿಸಿ 79 ಎಂದು ಬರೆಯುತ್ತಾನೆ. ಇಲ್ಲಿಗೇ ನಿಲ್ಲಿಸಿ ಕೂಡುವುದು, ಕಳೆಯುವುದು ಮತ್ತೆ ಕಲಿಸಲು ಹೊರಟರೆ ದಾರಿ ತಪ್ಪುತ್ತದೆ. ಅದೇ ಲೆಕ್ಕವನ್ನು ನೀವು ಬಾಯಲ್ಲಿ ಹೇಳಿ ಕೇಳಿ. ತಕ್ಷಣ “ಕಳೀಬೇಕು” ಎನ್ನುತ್ತಾನೆ. ಅಂದರೆ ಮಾರಾಟ, ಉಳಿದದ್ದು ಎಂಬ ಪದಗಳನ್ನು ಅವನು ಓದಿಯೇ ಇರಲಿಲ್ಲ. ಅಂಕಿ ಎರಡು ಕಂಡವು, ಕೂಡಿಸಿದ. ಓದುವುದು ಪರವಾಗಿಲ್ಲ ಎಂದು ಅಮ್ಮ ಅಂದುಕೊಂಡದ್ದು ಅವನು ಪದ್ಯ ಬಾಯಿಪಾಠ ಒಪ್ಪಿಸುವುದನ್ನು ಕೇಳಿ.

ಈಗ ಕಳೆಯಲು ಹೇಳಿ. 35 ಎಂದು ಬರೆಯುತ್ತಾನೆ. ಎರಡರಲ್ಲಿ ಏಳು ಹೋಗುವುದಿಲ್ಲ, ಹಾಗಾಗಿ ಏಳರಲ್ಲಿ ಎರಡು ಕಳೆದ. ಪ್ರತಿ ಸಾಲಿನಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯುವುದು ಅವನು ತಾನೇ ಮಾಡಿಕೊಂಡ ನಿಯಮ. ಖಚಿತ ಮಾಡಿಕೊಳ್ಳಲು 503ರಲ್ಲಿ 268 ಕಳೆಯಲು ಕೊಡಿ. ಉತ್ತರ 365 ಬಂದರೆ ಅದೇ ನಿಯಮ, ಗಾಬರಿಯಿಂದ ಆದ ತಪ್ಪಲ್ಲ.

ಇದಕ್ಕೆ “ಪಕ್ಕದ ಮನೆಯಿಂದ ಸಾಲ ತಾ” ಎಂದು ಮತ್ತೆ ಹೇಳಿಕೊಟ್ಟರೆ ಪ್ರಯೋಜನ ಇಲ್ಲ. ಅದನ್ನು ಅವನು ಎರಡು ವರ್ಷದಿಂದ ಕೇಳಿದ್ದಾನೆ. ತೆಂಗಿನ ಕಸಬರಿಗೆ ಕಡ್ಡಿಗಳನ್ನು ಒಂದೇ ಅಳತೆಗೆ ಮುರಿದು, ಹತ್ತು ಹತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿಡಿ. ಐದು ಕಟ್ಟು, ಎರಡು ಬಿಡಿ ಕಡ್ಡಿ ಅವನ ಮುಂದಿಟ್ಟು, 27 ಕೊಡು ಎಂದು ಕೈ ಚಾಚಿ. ಎರಡು ಕಟ್ಟು ಕೊಡುತ್ತಾನೆ. ಏಳು ಬಿಡಿ ಕಡ್ಡಿ ಕೊಡಲು ಹೋದಾಗ ಅವನ ಹತ್ತಿರ ಇರುವುದು ಎರಡೇ. ಸುಮ್ಮನೆ ಕಾಯಿರಿ. ಸ್ವಲ್ಪ ಹೊತ್ತಿಗೆ ಅವನೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತಾನೆ. ಈಗ ಬಿಡಿ ಕಡ್ಡಿ 12 ಆದವು, ಅದರಲ್ಲಿ ಏಳು ಕೊಟ್ಟ. ಉಳಿದದ್ದು ಎರಡು ಕಟ್ಟು, ಐದು ಕಡ್ಡಿ. 25.

ಮೂರು ನಾಲ್ಕು ದಿನ ಬರೀ ಕಡ್ಡಿ. ಆಮೇಲೆ ಒಂದು ಕೈಯಲ್ಲಿ ಕಡ್ಡಿ, ಇನ್ನೊಂದರಲ್ಲಿ ಪೆನ್ಸಿಲ್. ಕಟ್ಟು ಬಿಚ್ಚಿದ ಕೂಡಲೇ ಸ್ಲೇಟಿನ ಮೇಲೆ 5ನ್ನು ಹೊಡೆದು 4 ಬರೆಯಬೇಕು, 2ರ ಜಾಗದಲ್ಲಿ 12 ಬರೆಯಬೇಕು. ಕೊನೆಗೆ ಕಡ್ಡಿ ತೆಗೆದುಬಿಡಿ. ತುಂಬಾ ಜನ ಆತುರ ಮಾಡುವುದು ಈ ನಡುವಿನ ಹಂತದಲ್ಲೇ. ಕಡ್ಡಿಯಲ್ಲಿ ಸರಿ ಮಾಡುವ ಮಗು ಸ್ಲೇಟಿನಲ್ಲಿ ಮತ್ತೆ 35 ಬರೆದರೆ, ಎರಡನ್ನೂ ಜೋಡಿಸುವ ದಿನಗಳು ಸಾಲಲಿಲ್ಲ ಎಂದೇ ಅರ್ಥ. ಉತ್ತರ ಬಂದ ಮೇಲೆ 25ಕ್ಕೆ 27 ಕೂಡಿಸಿ 52 ಬರುತ್ತದಾ ನೋಡು ಎನ್ನಿ. ನೀವು ಹೇಳದೆಯೇ ಹಾಗೆ ಕೂಡಿಸಿ ನೋಡಲು ಶುರು ಮಾಡಿದರೆ ಆ ಪಾಠ ಮುಗಿಯಿತು. ಇಷ್ಟಾದ ಮೇಲೆ ಸೊನ್ನೆ ಇರುವ 503ಕ್ಕೆ ಬನ್ನಿ. ಅಲ್ಲಿ ನೂರರ ಕಟ್ಟು ಬಿಚ್ಚಿ ಹತ್ತರ ಕಟ್ಟು ಮಾಡಬೇಕು, ಆಮೇಲೆ ಅದರಲ್ಲೊಂದನ್ನು ಬಿಚ್ಚಬೇಕು. ಅದಕ್ಕೆ ಬೇರೆಯದೇ ಸಮಯ ಕೊಡಿ.

ಸಂಜೆಯ ಒಂದೂವರೆ ಗಂಟೆ

ಐದರಿಂದ ಆರೂವರೆ ಸರಿಯಾದ ಹೊತ್ತು. ಶಾಲೆಯಿಂದ ಬಂದ ಮಗುವಿಗೆ ಹಸಿವಾಗಿರುತ್ತದೆ. ಮೊದಲ ಹತ್ತು ನಿಮಿಷ ಒಂದು ಹಿಡಿ ಮಂಡಕ್ಕಿ, ಶೇಂಗಾ, ನೀರು. ಹೊಟ್ಟೆ ಖಾಲಿ ಇದ್ದಾಗ ಕೇಳಿದ ಪಾಠ ತಲೆಗೆ ಹತ್ತುವುದಿಲ್ಲ.

ಆಮೇಲೆ 45 ನಿಮಿಷ ಗುಂಪಿನ ಕೆಲಸ. ಗುಂಪು ಕ್ಲಾಸಿನ ಪ್ರಕಾರ ಅಲ್ಲ, ಮಗು ಯಾವ ಕಾರ್ಡಿನಲ್ಲಿ ನಿಂತಿತೋ ಅದರ ಪ್ರಕಾರ. ಮೂರನೇ ಕ್ಲಾಸಿನ ಹುಡುಗಿ, ಐದನೇ ಕ್ಲಾಸಿನ ಹುಡುಗ ಒಟ್ಟಿಗೆ ಕೂರಬೇಕಾಗುತ್ತದೆ. ದೊಡ್ಡವನಿಗೆ ನಾಚಿಕೆ ಆಗದಂತೆ ಗುಂಪುಗಳಿಗೆ ತುಂಗಾ, ಭದ್ರಾ, ವೇದಾವತಿ ಎಂದು ನದಿಗಳ ಹೆಸರಿಡಿ. ಮೂರು ಗುಂಪು, ಇಬ್ಬರು ದೊಡ್ಡವರು. ಹೊಸದನ್ನು ಕಲಿಯುತ್ತಿರುವ ಗುಂಪಿನ ಜೊತೆ ನೀವು ಕೂರಿ, ಅಭ್ಯಾಸ ಮಾಡುವ ಗುಂಪನ್ನು ಸಹಾಯಕಿ ನೋಡಲಿ, ಮೂರನೇ ಗುಂಪು ಜೋಡಿಯಾಗಿ ಓದಲಿ. ಮರುದಿನ ಸರದಿ ಬದಲಿಸಿ.

ಉಳಿದದ್ದರಲ್ಲಿ 25 ನಿಮಿಷ ಹೋಂವರ್ಕ್, ಕೊನೆಯ ಹತ್ತು ನಿಮಿಷ ನೀವೇ ಒಂದು ಕಥೆ ಗಟ್ಟಿಯಾಗಿ ಓದಿ. ಹೋಂವರ್ಕ್ ಮುಗಿಯದಿದ್ದರೆ ಮುಗಿಯಲಿಲ್ಲ. ಇಲ್ಲೇ ತಂದೆತಾಯಿಯ ಜೊತೆ ತಕರಾರು ಬರುತ್ತದೆ. “ಹೋಂವರ್ಕ್ ಮಾಡಿಸಿ ಕಳ್ಸಿ ಸಾಕು ಮೇಡಂ” ಎನ್ನುತ್ತಾರೆ. ಮಂಡಕ್ಕಿ ಭಟ್ಟಿಯಲ್ಲೋ, ಎಪಿಎಂಸಿಯಲ್ಲೋ ದುಡಿದು ಬರುವವರಿಗೆ ಮನೆಯಲ್ಲಿ ಕೂತು ಮಾಡಿಸಲು ತ್ರಾಣ ಎಲ್ಲಿರುತ್ತದೆ? ಅವರ ಮಾತು ನ್ಯಾಯವೇ. ಸೇರಿಸಿಕೊಳ್ಳುವ ದಿನವೇ ಅವರ ಎದುರಿಗೆ ಮಗುವಿನಿಂದ ಕಾರ್ಡು ಓದಿಸಿ. ಎಂಟು ವಾರ ಬಿಟ್ಟು ಅವರನ್ನು ಕರೆದು ಅದೇ ಕಾರ್ಡು ಮತ್ತೆ ಓದಿಸಿ. ಅಂಕಪಟ್ಟಿ ಓದಲು ಬಾರದ ತಾಯಿಗೂ ಮಗ ಓದುವುದು ಕಿವಿಗೆ ಕೇಳುತ್ತದೆ.

ಎಂಟು ವಾರವಾದರೂ ಕದಲದಿದ್ದರೆ

ದಿನವೂ ಬಂದು, ಮನಸ್ಸಿಟ್ಟು ಕೂತರೂ ಒಂದು ಕಾರ್ಡು ಮುಂದೆ ಹೋಗದ ಮಗು ಇರುತ್ತದೆ. ಅದಕ್ಕೆ ಪಾಠ ಹೆಚ್ಚಿಸಬೇಡಿ. ಮೊದಲು ಕಣ್ಣು ನೋಡಿ. ಬೋರ್ಡಿನಿಂದ ಬರೆದುಕೊಳ್ಳುವಾಗ ಮಾತ್ರ ತಪ್ಪು ಮಾಡಿ, ಕೈಲಿರುವ ಕಾರ್ಡು ಸರಿ ಓದಿದರೆ ದೂರದ ದೃಷ್ಟಿಯ ತೊಂದರೆ ಇರಬಹುದು. ಹಿಂದಿನಿಂದ ಮೆಲ್ಲಗೆ ಹೆಸರು ಹಿಡಿದು ಕರೆದರೆ ತಿರುಗದಿದ್ದರೆ ಕಿವಿ ಪರೀಕ್ಷೆ ಮಾಡಿಸಬೇಕು. ಎರಡಕ್ಕೂ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಕಳಿಸಿ. ಕಣ್ಣು, ಕಿವಿ ಎರಡೂ ಸರಿ ಇದ್ದು, ನಿನ್ನೆ ಓದಿದ ಅಕ್ಷರ ಇಂದು ಹೊಸದರಂತೆ ಕಾಣುತ್ತಿದ್ದರೆ ಅದು ಕಲಿಕಾ ನ್ಯೂನತೆಯೂ ಇರಬಹುದು. ಅದನ್ನು ನೀವೇ ತೀರ್ಮಾನಿಸಬೇಡಿ, ತಂದೆತಾಯಿಗೆ ಆ ಹೆಸರನ್ನೂ ಹೇಳಬೇಡಿ. ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ತಪ್ಪುಗಳ ಪುಟವನ್ನು ಜೆರಾಕ್ಸ್ ಮಾಡಿಸಿ, ಮಗುವಿನ ಶಾಲೆಯ ಕ್ಲಾಸ್ ಟೀಚರ್‌ಗೆ ಕೊಡಿ. ಬಿಆರ್‌ಸಿಯಲ್ಲಿ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರು ಇರುತ್ತಾರೆ, ಅವರಿಗೆ ತೋರಿಸಲು ಹೇಳಿ. ಯಾವ ದಿನ ಯಾವ ಪದವನ್ನು ಹೇಗೆ ಓದಿತು ಎಂಬ ಆ ಪುಟ ಅವರಿಗೆ ತುಂಬಾ ಕೆಲಸಕ್ಕೆ ಬರುತ್ತದೆ.