‘ತಾವು ಕ್ಷೇಮವೆಂದು ಭಾವಿಸುತ್ತೇನೆ’ ತೆಗೆದ ಮೇಲೆ ಮೊದಲ ಸಾಲಿಗೆ ಏನು ಬರೆಯಬೇಕು?

ನನ್ನ ತಮ್ಮನ ಮಗ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತಾನೆ. ಹೋದ ಜನವರಿಯಲ್ಲಿ ಹುಬ್ಬಳ್ಳಿಗೆ ನಮ್ಮ ಮನೆಗೆ ಬಂದವನು ಚಹಾ ಕಪ್ಪು ಮುಟ್ಟದೆ ಕೂತಿದ್ದ. ಏನಾಯಿತೆಂದು ಕೇಳಿದರೆ, ‘ಅತ್ತಿ, ನೀ ಹೇಳಿದಂಗ ಮೇಲ್‌ನಾಗಿನ ಮೊದಲನೇ ಸಾಲು ತಗದು ಕಳಿಸಿದ್ಯಾ. ಆ ಮಸಾಲಿ ಕಂಪನಿ ಮೇಡಮ್ಮಾರು ನಮ್ಮ ಸಾವ್ಕಾರ್ರಿಗೆ ಫೋನ್ ಮಾಡಿ, ನಿಮ್ಮ ಹುಡುಗ ಯಾಕ ಸಿಟ್ಟಾಗ್ಯಾನ ಅಂತ ಕೇಳಿದ್ರಂತ’ ಎಂದ.

ತಪ್ಪು ನನ್ನದೂ ಹೌದು. ಏನು ತೆಗೆಯಬೇಕೆಂದು ಹೇಳಿದ್ದೆ, ಆ ಜಾಗದಲ್ಲಿ ಏನು ಇಡಬೇಕೆಂದು ಹೇಳಿರಲಿಲ್ಲ. ಇದೇ ಎಡವಟ್ಟನ್ನು ನಮ್ಮ ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗ ಹುಡುಗಿಯರೂ ಮಾಡುವುದನ್ನು ನೋಡಿದ್ದೇನೆ. ಹಾಗಾಗಿ ಅವನ ಮೇಲ್ ಅನ್ನೇ ಮುಂದಿಟ್ಟುಕೊಂಡು ಒಂದೊಂದೇ ಹೆಜ್ಜೆ ಬರೆಯುತ್ತೇನೆ.

ಮೊದಲು ಅವನು ಕಳಿಸುತ್ತಿದ್ದದ್ದು ಹೀಗಿತ್ತು: ‘ಮೇಡಂ, ತಾವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾವು ಕಳುಹಿಸಿದ ಮಾದರಿಗಳ ವರದಿ ಇನ್ನೂ ಬಂದಿರುವುದಿಲ್ಲ. ಶನಿವಾರದೊಳಗೆ ಕಳುಹಿಸಿ.’

ನಾನು ಹೇಳಿದ ಮೇಲೆ ಕಳಿಸಿದ್ದು: ‘ಮಾದರಿಗಳ ವರದಿ ಇನ್ನೂ ಬಂದಿಲ್ಲ. ಶನಿವಾರದೊಳಗೆ ಕಳುಹಿಸಿ.’

ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಎರಡನೆಯದು ಗದರಿದಂತಿದೆ, ನಿಜ. ಆದರೆ ಗದರುವ ಆ ಎರಡು ಮಾತು ಮೊದಲನೆಯದರಲ್ಲೂ ಇದ್ದವು. ಕ್ಷೇಮದ ಸಾಲು ಅವುಗಳ ಮೇಲೆ ಹೊದಿಸಿದ ಚಾದರವಷ್ಟೇ ಆಗಿತ್ತು. ಚಾದರ ಎಳೆದಾಗ ಕೆಳಗಿನದ್ದು ಕಂಡಿತು. ಆದ್ದರಿಂದ ಸಾಲು ಕತ್ತರಿಸುವುದು ಕೆಲಸದ ಅರ್ಧ ಮಾತ್ರ. ಉಳಿದರ್ಧ, ಕೆಳಗಿನ ಮಾತನ್ನು ಸರಿಮಾಡುವುದು.

ಹಾಗಾದರೆ ಆ ಸಾಲು ಇದ್ದರೇನು ಕೆಟ್ಟಿತು ಎಂದು ಕೇಳುವವರಿದ್ದಾರೆ. ನಮ್ಮ ಅಜ್ಜ ಬರೆಯುತ್ತಿದ್ದ ಕಾರ್ಡುಗಳಲ್ಲಿ ‘ಇತ್ತ ನಾವೆಲ್ಲ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುವುದು’ ಎಂದಿರುತ್ತಿತ್ತು. ಅದು ಸುದ್ದಿ. ಕಾರ್ಡು ಬರುವವರೆಗೆ ಆ ಮನೆಯವರು ಹೇಗಿದ್ದಾರೆಂದು ತಿಳಿಯಲು ಬೇರೆ ದಾರಿ ಇರಲಿಲ್ಲ. ‘ಊಟ ಆತೇನ್ರಿ?’ ಎಂದು ಬೀದಿಯಲ್ಲಿ ಕೇಳುವುದೂ ಬೇರೆಯೇ. ಎದುರಿಗಿದ್ದವರು ‘ಆತ್ರಿ, ನಿಮ್ದು?’ ಎನ್ನುತ್ತಾರೆ, ಮಾತು ಬೆಳೆಯುತ್ತದೆ. ಮೇಲ್‌ನ ‘ಭಾವಿಸುತ್ತೇನೆ’ ಸುದ್ದಿಯನ್ನು ಹೇಳುವುದಿಲ್ಲ, ಉತ್ತರಕ್ಕೂ ಕಾಯುವುದಿಲ್ಲ. ‘ಹೋಪ್ ದಿಸ್ ಇಮೇಲ್ ಫೈಂಡ್ಸ್ ಯು ವೆಲ್’ ಎಂಬುದನ್ನು ಕನ್ನಡಕ್ಕೆ ಎತ್ತಿಟ್ಟದ್ದು ಎಂದು ಓದುವವರಿಗೆ ಕೂಡಲೇ ಗೊತ್ತಾಗುತ್ತದೆ. ಜೊತೆಗೊಂದು ನೇರ ನಷ್ಟವೂ ಇದೆ. ಮೊಬೈಲಿನಲ್ಲಿ ಇನ್‌ಬಾಕ್ಸ್ ತೆರೆದರೆ ಕಾಣುವುದು ಕಳಿಸಿದವರ ಹೆಸರು, ವಿಷಯ, ಆಮೇಲೆ ಮೇಲ್‌ನ ಮೊದಲ ಕೆಲವೇ ಪದಗಳು. ಆ ಪದಗಳು ಕ್ಷೇಮಕ್ಕೇ ಖರ್ಚಾದರೆ, ಮೇಲ್ ಯಾತರದ್ದೆಂದು ತೆರೆಯುವತನಕ ತಿಳಿಯುವುದಿಲ್ಲ.

ಈಗ ಹೆಜ್ಜೆಗಳು. ವಿಷಯದ ಸಾಲು ಮೊದಲು: ಅದರಲ್ಲಿ ವಸ್ತು ಮತ್ತು ದಿನ ಎರಡೂ ಇರಲಿ. ಬರೀ ‘ಮಾದರಿ ಕುರಿತು’ ಎಂದು ಬರೆಯಬೇಡಿ. ಎರಡನೆಯದು ನಮಸ್ಕಾರ. ಇದನ್ನು ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ. ನನ್ನ ಹುಡುಗ ಕ್ಷೇಮದ ಜೊತೆಗೆ ‘ಮೇಡಂ’ ಎಂಬುದನ್ನೂ ಅಳಿಸಿದ್ದ. ಫೋನ್ ಬರಲು ಅರ್ಧ ಕಾರಣ ಅದೇ. ‘ನಮಸ್ಕಾರ ಮೇಡಂ’, ‘ನಮಸ್ಕಾರ ಸರ್’, ಅರ್ಜಿಯಾದರೆ ‘ಮಾನ್ಯರೇ’, ಅಷ್ಟು ಸಾಕು.

ಮೂರನೆಯದು ಮೊದಲ ಸಾಲು. ಎಲ್ಲರೂ ಎಡವುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ನೋಡೋಣ.

ಬರೆಯುವ ಮೊದಲು ಅವರು ನಿಮಗೆ ಕಳಿಸಿದ ಕೊನೆಯ ಎರಡು ಮೇಲ್ ತೆರೆದು ಓದಿ. ನೀವು ಹುಡುಕಬೇಕಾದದ್ದು ಒಂದೇ: ಅವರು ಹೇಳಿದ ಅಥವಾ ಮಾಡಿದ ಯಾವ ಸಂಗತಿಗೂ ಈವತ್ತಿನ ನಿಮ್ಮ ಕೆಲಸಕ್ಕೂ ಸಂಬಂಧವಿದೆ? ಸಿಕ್ಕರೆ ಅದನ್ನೇ ಮೊದಲ ಸಾಲಾಗಿ ಬರೆಯಿರಿ. ಹೊಗಳಿಕೆ ಬೇಡ, ಸಂಗತಿಯಾಗಿಯೇ ಇರಲಿ. ಅವರ ಮಾತು ನಿಮ್ಮ ನೆನಪಿನಲ್ಲಿದೆ ಎಂದು ಅದರಿಂದಲೇ ಅವರಿಗೆ ತಿಳಿಯುತ್ತದೆ. ಬೆಚ್ಚಗಿನ ಭಾವ ಬರುವುದು ಅಲ್ಲಿಂದ.

ನನ್ನ ಹುಡುಗನಿಗೆ ಇದನ್ನು ಹೇಳಿದ ಕೂಡಲೇ ಅವನು ಬರೆದದ್ದು, ‘ಬೆಂಗಳೂರಿನಲ್ಲಿ ಈಗ ಚಳಿ ಜೋರಿರಬೇಕು.’ ಬೇಡ ಎಂದೆ. ಇನ್ನೊಂದು ಬರೆದ: ‘ಫೇಸ್‌ಬುಕ್‌ನಲ್ಲಿ ತಮ್ಮ ಮಗಳ ಫೋಟೊ ನೋಡಿದೆ, ಬಹಳ ಚೆನ್ನಾಗಿದೆ.’ ಅದಂತೂ ಬೇಡವೇ ಬೇಡ. ವ್ಯಾಪಾರದ ಪರಿಚಯದಲ್ಲಿ ಮನೆಯೊಳಗೆ ಇಣುಕಿದರೆ ಓದುವವರು ಹಿಂದೆ ಸರಿಯುತ್ತಾರೆ.

ಸರಿಯಾದ ಸಾಲು ಯಾವುದೆಂದು ತಿಳಿಯಲು ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಮೊದಲ ಸಾಲಿಗೂ ಎರಡನೆಯ ಸಾಲಿಗೂ ನಡುವೆ ‘ಅದಕ್ಕೇ’ ಎಂಬ ಪದ ಇಟ್ಟು ಓದಬೇಕು. ‘ಬೆಂಗಳೂರಿನಲ್ಲಿ ಚಳಿ ಜೋರಿರಬೇಕು. ಅದಕ್ಕೇ ಮಾದರಿಯ ವರದಿ ಬೇಕು.’ ಕೂಡುವುದಿಲ್ಲ. ಕೂಡದ ಸಾಲು ಎಷ್ಟೇ ಸಿಹಿಯಾಗಿರಲಿ, ಕ್ಷೇಮದ ಸಾಲಿನ ತಮ್ಮನೇ. ತೆಗೆದುಬಿಡಿ.

ಆಮೇಲೆ ಇಬ್ಬರೂ ಕೂತು ಮೊಬೈಲಿನಲ್ಲಿ ಆ ಮೇಡಂ ಡಿಸೆಂಬರಿನಲ್ಲಿ ಕಳಿಸಿದ್ದ ಮೇಲ್ ತೆರೆದೆವು. ‘ಡಬ್ಬಿಯಲ್ಲಿ ತೇವ ಸ್ವಲ್ಪ ಹೆಚ್ಚಿದೆ, ಮುಂದಿನ ಸಲ ನೋಡಿಕೊಳ್ಳಿ’ ಎಂದು ಅವರು ಒಂದೇ ಸಾಲು ಬರೆದಿದ್ದರು. ಮೆಣಸಿನಕಾಯಿ ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಡಬ್ಬಿ ಮತ್ತು ಕಡ್ಡಿ ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆ. ಡಬ್ಬಿ ಗಿಡ್ಡ, ದುಂಡಗೆ. ಕಡ್ಡಿ ಉದ್ದ, ಸಪೂರ. ಖಾರಕ್ಕಿಂತ ಬಣ್ಣಕ್ಕೇ ಇವಕ್ಕೆ ಬೆಲೆ. ಅದಕ್ಕೆಂದೇ ಮಸಾಲೆ ಕಂಪನಿಯವರು ಮಾದರಿ ತರಿಸಿಕೊಂಡು ಬಣ್ಣ ಅಳೆಯುತ್ತಾರೆ.

‘ಅವರು ತೇವ ಹೆಚ್ಚು ಅಂದ ಮೇಲೆ ನೀವೇನು ಮಾಡಿದ್ರಿ?’ ಎಂದು ಕೇಳಿದೆ.

‘ಎರಡು ದಿನ ಹೆಚ್ಚಿಗೀ ಒಣಗಸಿದ ಮಾಲಿನಾಗಿಂದನ ಮಾದರಿ ತಗದೀವಿ, ಅತ್ತಿ.’

‘ಅದನ್ನ ಅವರಿಗೆ ಹೇಳಿದ್ಯಾ?’

ಹೇಳಿರಲಿಲ್ಲ. ಆ ಮೇಡಂ ಎಲ್ಲಕ್ಕಿಂತ ಮೊದಲು ಕೇಳಲು ಬಯಸುವ ಮಾತು ಅದೇ, ಆದರೆ ಅದು ಎಲ್ಲೂ ಬಂದಿರಲಿಲ್ಲ. ಕ್ಷೇಮದ ಸಾಲು ಬರೆದರೆ ಹೇಳಬೇಕಾದ ಸೌಜನ್ಯವನ್ನು ಹೇಳಿ ಮುಗಿಸಿದೆವು ಎಂಬ ಸಮಾಧಾನ ಬಂದುಬಿಡುತ್ತದೆ. ಹಳೆಯ ಮೇಲ್ ತೆರೆದು ನೋಡುವ ಕಷ್ಟ ಯಾರೂ ತೆಗೆದುಕೊಳ್ಳುವುದಿಲ್ಲ.

ನಾಲ್ಕನೆಯದು ಕ್ರಿಯಾಪದ. ಕನ್ನಡದಲ್ಲಿ ಮರ್ಯಾದೆ ಇರುವುದು ಬಹುಪಾಲು ವಾಕ್ಯದ ತುದಿಯಲ್ಲಿ. ‘ಕಳುಹಿಸಿ’ ಎಂದರೆ ಅಪ್ಪಣೆ. ‘ಕಳಿಸಿಕೊಡಿ’ ಎಂದರೆ ಆ ‘ಕೊಡು’ ಸೇರಿದ್ದಕ್ಕೇ ಅದು ನಮಗಾಗಿ ಮಾಡುವ ಉಪಕಾರವಾಗುತ್ತದೆ. ‘ಕಳಿಸಿಕೊಡಲು ಆಗುತ್ತದೆಯೇ?’ ಎಂದರೆ ಆಗದು ಎನ್ನಲೂ ಅವರಿಗೆ ಜಾಗ ಸಿಗುತ್ತದೆ. ನನ್ನ ಖಚಿತ ಸಲಹೆ: ಹೊರಗಿನವರನ್ನು ಕೇಳುವಾಗ ಯಾವತ್ತೂ ಮೂರನೆಯದನ್ನೇ ಬಳಸಿ, ಅದರ ಹಿಂದೆಯೇ ಗಡುವು ಯಾಕೆಂದು ಹೇಳಿ. ಕಾರಣ ಹೇಳದ ಗಡುವು ಬೆದರಿಕೆಯಂತೆ ಕೇಳುತ್ತದೆ. ‘ನೀವು ಇನ್ನೂ ಕಳಿಸಿಲ್ಲ’ ಎಂಬ ಜಾಡಿನ ಮಾತೂ ಬೇಡ. ಮಾದರಿಯನ್ನು ಯಾವತ್ತು ಕೊರಿಯರ್ ಮಾಡಿದಿರಿ ಎಂದು ತಿಳಿಸಿದರೆ, ಎಷ್ಟು ದಿನವಾಯಿತೆಂದು ಅವರೇ ಲೆಕ್ಕ ಹಾಕುತ್ತಾರೆ.

ಎಲ್ಲ ಸೇರಿಸಿ ಅವನು ಕೊನೆಗೆ ಬರೆದದ್ದು ಹೀಗೆ. ವಿಷಯ: ‘ಡಬ್ಬಿ, ಕಡ್ಡಿ ಮಾದರಿಗಳ ಬಣ್ಣದ ವರದಿ, ಶನಿವಾರದೊಳಗೆ ಸಿಗಬಹುದೇ?’

‘ನಮಸ್ಕಾರ ಮೇಡಂ,

ಹೋದ ಸಲ ಡಬ್ಬಿಯಲ್ಲಿ ತೇವ ಹೆಚ್ಚಿದೆ ಎಂದಿದ್ದಿರಿ. ಅದಕ್ಕೇ ಈ ಸಲ ಎರಡು ದಿನ ಹೆಚ್ಚು ಒಣಗಿಸಿದ ಮಾಲಿನಿಂದಲೇ ಮಾದರಿ ತೆಗೆದಿದ್ದೇವೆ. ಡಬ್ಬಿ, ಕಡ್ಡಿ ಅರ್ಧರ್ಧ ಕೆಜಿ ಮಂಗಳವಾರ ಕೊರಿಯರ್ ಮಾಡಿದ್ದೆ. ಬಣ್ಣದ ವರದಿ ಶನಿವಾರ ಸಂಜೆಯೊಳಗೆ ಕಳಿಸಿಕೊಡಲು ಆಗುತ್ತದೆಯೇ? ಸೋಮವಾರ ಇಲ್ಲಿನ ಮಾರುಕಟ್ಟೆಯಲ್ಲಿ ಟೆಂಡರ್ ಇದೆ. ವರದಿ ನೋಡಿಕೊಂಡು ನಿಮಗೆ ಎಷ್ಟು ಚೀಲ ಹಿಡಿಯಬೇಕೆಂದು ನಿರ್ಧರಿಸುತ್ತೇವೆ. ಅಷ್ಟರೊಳಗೆ ಆಗದಿದ್ದರೆ ಒಂದು ಮಾತು ತಿಳಿಸಿ, ಗುರುವಾರದ ಟೆಂಡರ್‌ಗೆ ನೋಡೋಣ.’

ಹಳೆಯದಕ್ಕಿಂತ ಉದ್ದವಾಯಿತಲ್ಲ ಎಂದು ಅವನು ಅನುಮಾನಪಟ್ಟ. ಆಗಲಿ. ಇದರಲ್ಲಿ ಒಂದು ವಾಕ್ಯವನ್ನೂ ಬೇರೆ ಗಿರಾಕಿಗೆ ಹಾಗೇ ಕಳಿಸಲಾಗದು. ನಾವು ಕತ್ತರಿಸಬೇಕಾದದ್ದು ಯಾರಿಗೂ ಸೇರದ ಮಾತನ್ನು, ಉದ್ದವನ್ನಲ್ಲ.

ಅಡ್ಡದಾರಿಗಳ ಬಗ್ಗೆ ಎರಡು ಮಾತು. ‘ಕ್ಷೇಮದ ಬದಲು ಬಳಸಬಹುದಾದ ಐವತ್ತು ಸಾಲುಗಳು’ ಎಂಬಂಥ ಪಟ್ಟಿಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತವೆ. ‘ತಮ್ಮ ವಾರ ಶುಭವಾಗಿ ಆರಂಭವಾಗಿರಬಹುದು’ ಎಂಬ ಜಾತಿಯವು. ಅವುಗಳಿಂದ ಹಳೆಯ ರೋಗಕ್ಕೆ ಹೊಸ ಹೆಸರು ಬರುತ್ತದೆ, ಅಷ್ಟೇ. ಇನ್ನೊಂದು, ಇಂಗ್ಲಿಷಿನಲ್ಲಿ ಬರೆಯುವಾಗ ಜಿಮೇಲ್ ತಾನೇ ಬೂದು ಅಕ್ಷರದಲ್ಲಿ ಮುಂದಿನ ಪದಗಳನ್ನು ಸೂಚಿಸುತ್ತದೆ, ಟ್ಯಾಬ್ ಒತ್ತಿದರೆ ಅವು ಮೇಲ್‌ಗೆ ಸೇರುತ್ತವೆ. ಕ್ಷೇಮದ ಸಾಲು ಕೈಯಿಂದ ಹೋಗದವರು ಸೆಟ್ಟಿಂಗ್ಸ್‌ನಲ್ಲಿ Smart Compose ಎಂಬುದನ್ನು ಹುಡುಕಿ, Writing suggestions off ಆರಿಸಿಕೊಳ್ಳಿ.

ಹಿಂದಿನ ಮೇಲ್ ಇಲ್ಲದಿದ್ದರೆ, ಅಂದರೆ ಮೊದಲ ಸಲ ಬರೆಯುವವರಿಗೆ, ಅವರ ಹೆಸರು ನಿಮಗೆ ಹೇಗೆ ಸಿಕ್ಕಿತೆಂಬುದೇ ಮೊದಲ ಸಾಲು. ‘ಗದಗಿನ ಪ್ರೆಸ್‌ನವರು ನಿಮ್ಮಲ್ಲಿ ಈ ಕಾಗದ ಸಿಗುತ್ತದೆ ಎಂದರು’ ಎಂದಿಟ್ಟು ‘ಅದಕ್ಕೇ’ ಪರೀಕ್ಷೆ ಮಾಡಿ, ಕೂಡುತ್ತದೆ. ಒಂದೇ ದಿನದಲ್ಲಿ ಆಚೆಯಿಂದ ಈಚೆ ನಾಲ್ಕು ಮೇಲ್ ಓಡಾಡುತ್ತಿದ್ದರೆ ಮುನ್ನುಡಿಯೇ ಬೇಡ, ನೇರ ಉತ್ತರ ಕೊಡಿ.

ಆರೋಗ್ಯ ಕೇಳಲೇಬೇಕಾದ ಸಂದರ್ಭವೂ ಇದೆ. ಅವರಿಗೆ ಕಾಯಿಲೆಯಾಗಿದ್ದು, ಮನೆಯಲ್ಲಿ ಸಾವಾಗಿದ್ದು ನಿಮಗೆ ಗೊತ್ತಿದ್ದರೆ ಆ ಮಾತನ್ನು ವರದಿ, ಬಿಲ್ಲುಗಳ ಜೊತೆ ಬೆರೆಸಬೇಡಿ. ಅದಕ್ಕೇ ಬೇರೆ ಮೇಲ್ ಬರೆಯಿರಿ, ಅದರಲ್ಲಿ ಏನನ್ನೂ ಕೇಳಬೇಡಿ. ಫೋನ್ ಮಾಡುವಷ್ಟು ಸಲಿಗೆ ಇದ್ದರೆ ಫೋನೇ ಮಾಡಿ. ಕೆಲಸದ ಮೇಲ್ ಎರಡು ದಿನ ತಡವಾದರೂ ಪರವಾಗಿಲ್ಲ.

ಕಳಿಸುವ ಮೊದಲು ಕೊನೆಯ ಹೆಜ್ಜೆ: ಅದೇ ಮೇಲ್ ಅನ್ನು ನಿಮಗೇ ಕಳಿಸಿಕೊಂಡು, ಮೊಬೈಲಿನಲ್ಲಿ ತೆರೆಯದೆ ಪಟ್ಟಿಯಲ್ಲೇ ನೋಡಿ. ನನ್ನ ಹುಡುಗನ ಮೊಬೈಲಿನಲ್ಲಿ ಕಂಡದ್ದು ‘ನಮಸ್ಕಾರ ಮೇಡಂ, ಹೋದ ಸಲ ಡಬ್ಬಿಯಲ್ಲಿ ತೇವ…’ ಎಂಬಷ್ಟು. ಆ ಮೇಡಂ ಅದನ್ನು ಶುಕ್ರವಾರ ಮಧ್ಯಾಹ್ನವೇ ತೆರೆದು, ಕಡ್ಡಿಯ ವರದಿ ಈಗ, ಡಬ್ಬಿಯದ್ದು ನಾಳೆ ಹನ್ನೊಂದಕ್ಕೆ ಎಂದು ಬರೆದರು.