ಬ್ರಿಟನ್ ವೀಸಾ ನಿರಾಕರಣೆಯ ಪತ್ರವನ್ನು ನಾನು ಓದಿದ ಬಗೆ

ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಮಗಳ ಮನೆಗೆ ಮಳೆಗಾಲದಲ್ಲಿ ಆರು ವಾರ ಹೋಗಿಬರಲು ನಾನು ಹಾಕಿದ್ದ ಬ್ರಿಟನ್‌ನ ಸಂದರ್ಶಕ ವೀಸಾ ಅರ್ಜಿ ತಿರಸ್ಕೃತವಾಯಿತು. ಪತ್ರ ಬಂದ ದಿನವೇ ಮಗಳು ಫೋನಿನಲ್ಲಿ, "ಅಪ್ಪ, ಸುಮ್ಮನೆ ಬಿಡುವುದು ಬೇಡ, ಅಪೀಲು ಹಾಕೋಣ" ಎಂದಳು. ಗೋಣಿಕೊಪ್ಪದ ನಮ್ಮ ಭಾವನವರ ಸಲಹೆಯೂ ಅದೇ ಆಗಿತ್ತು, ಏಕೆಂದರೆ ಅವರ ಪರಿಚಯದವರೊಬ್ಬರು ಹಿಂದೆ ಹಾಗೆ ಅಪೀಲು ಹಾಕಿ ಗೆದ್ದಿದ್ದರು. ಆದರೆ ಅದು ಹಳೆಯ ಕಾನೂನಿನ ಕಾಲದ ಮಾತು. ಕುಟುಂಬದವರನ್ನು ನೋಡಲು ಹೋಗುವ ಸಂದರ್ಶಕರಿಗಿದ್ದ ಪೂರ್ಣ ಮೇಲ್ಮನವಿಯ ಹಕ್ಕು 2013ರ ಜೂನ್ 25ರಿಂದ ರದ್ದಾಗಿದೆ. ಆದ್ದರಿಂದ ಪತ್ರ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಅದರ ಕೊನೆಯ ಭಾಗವನ್ನು. ಮುಂದೆ ಯಾವ ದಾರಿ ತೆರೆದಿದೆ ಎಂಬುದು ಅಲ್ಲಿರುತ್ತದೆ. ನನ್ನ ಪತ್ರದಲ್ಲಿ ಮೇಲ್ಮನವಿಯ ಹಕ್ಕಾಗಲಿ ಆಡಳಿತಾತ್ಮಕ ಮರುಪರಿಶೀಲನೆಯ ಹಕ್ಕಾಗಲಿ ಇಲ್ಲವೆಂದೂ, ಮತ್ತೆ ಅರ್ಜಿ ಹಾಕಬಹುದಾದರೂ ಪರಿಸ್ಥಿತಿ ಬದಲಾಗದಿದ್ದರೆ ಮತ್ತೆ ತಿರಸ್ಕೃತವಾಗುವ ಸಂಭವವೇ ಹೆಚ್ಚೆಂದೂ ಬರೆದಿತ್ತು.

ಹಾಗೆಂದು ಪ್ರಶ್ನಿಸಲು ದಾರಿಯೇ ಇಲ್ಲವೆಂದಲ್ಲ. ನಿರ್ಧಾರ ಕಾನೂನುಬದ್ಧವಾಗಿರಲಿಲ್ಲ ಎಂದು ತೋರಿಸಬಲ್ಲವರು ತಡಮಾಡದೆ, ಹೆಚ್ಚೆಂದರೆ ಮೂರು ತಿಂಗಳೊಳಗೆ, ಅಲ್ಲಿನ ನ್ಯಾಯಾಂಗ ಪರಿಶೀಲನೆಗೆ ಹೋಗಬಹುದು. ಅದಕ್ಕೆ ಮುನ್ನ ವಕೀಲರ ಮೂಲಕ ಒಂದು ಪೂರ್ವ ಸೂಚನಾ ಪತ್ರ ಕಳುಹಿಸುವುದು ರೂಢಿ. ಈ ದಾರಿಯನ್ನು ಹಿಡಿಯಬೇಕೇ ಬೇಡವೇ ಎಂಬುದನ್ನು ಕೋಪದಿಂದಲ್ಲ, ಪತ್ರದ ಒಳಗಿನ ವಾಕ್ಯಗಳಿಂದ ತೀರ್ಮಾನಿಸಬೇಕೆಂದು ನನಗೆ ಅನಿಸಿತು.

ಪತ್ರದಲ್ಲಿ ಉಲ್ಲೇಖವಾಗಿದ್ದದ್ದು ಅಪೆಂಡಿಕ್ಸ್ ವಿ ಎಂಬ ನಿಯಮಾವಳಿಯ ವಿ 4.2ರ ಮೂರು ಉಪನಿಯಮಗಳು. (ಎ) ಎಂದರೆ ಭೇಟಿ ಮುಗಿದ ಮೇಲೆ ದೇಶ ಬಿಟ್ಟು ಹೊರಡುವವರು ಎಂಬ ನಂಬಿಕೆ, (ಸಿ) ಎಂದರೆ ಭೇಟಿಯ ಉದ್ದೇಶ ನಿಜವಾದದ್ದು ಎಂಬ ನಂಬಿಕೆ, (ಇ) ಎಂದರೆ ಖರ್ಚಿಗೆ ಸಾಕಷ್ಟು ಹಣ ಇದೆ ಎಂಬ ನಂಬಿಕೆ. ಒಟ್ಟಿಗೆ ಓದಿದರೆ ಮೂರು ದೊಡ್ಡ ಆರೋಪಗಳಂತೆ ಕಾಣುತ್ತವೆ, ಓದಿದವರ ಮನಸ್ಸಿಗೆ ನೋವೂ ಆಗುತ್ತದೆ. ನಾನು ಪತ್ರದ ಎರಡು ಪ್ರತಿ ತೆಗೆದುಕೊಂಡು, ಒಂದರಲ್ಲಿ ಅಧಿಕಾರಿಯ ಅಭಿಪ್ರಾಯ ಹೇಳುವ ವಾಕ್ಯಗಳನ್ನೆಲ್ಲ ಪೆನ್ಸಿಲ್‌ನಿಂದ ಹೊಡೆದು, ನನ್ನ ಕಾಗದಗಳಲ್ಲಿ ಅವರು ಕಂಡದ್ದನ್ನು ಅಥವಾ ಕಾಣದೆ ಹೋದದ್ದನ್ನು ಹೇಳುವ ವಾಕ್ಯಗಳನ್ನು ಮಾತ್ರ ಉಳಿಸಿಕೊಂಡೆ. ಕೊನೆಗೆ ಉಳಿದದ್ದು ಎರಡೇ ಸಂಗತಿಗಳು.

ಮೊದಲನೆಯದು ಬ್ಯಾಂಕಿನದು. ಅರ್ಜಿಯಲ್ಲಿ ತಿಂಗಳ ಆದಾಯ 60,000 ರೂಪಾಯಿ ಎಂದಿತ್ತು. ಖಾತೆಯಲ್ಲಿ ಮಾತ್ರ ತಿಂಗಳು ತಿಂಗಳು ಬರುವ ಹಣವೇ ಇರಲಿಲ್ಲ. ಫೆಬ್ರವರಿಯಲ್ಲಿ 7,00,000, ಮಾರ್ಚಿನಲ್ಲಿ 5,00,000 ಜಮೆಯಾಗಿತ್ತು. ಈ ಹಣ ಎಲ್ಲಿಂದ ಬಂತು, ಅದು ನಿಜವಾಗಿ ನನ್ನದೇ ಎಂಬುದಕ್ಕೆ ಪುರಾವೆ ಇಲ್ಲವೆಂದು ಅಧಿಕಾರಿ ಬರೆದಿದ್ದರು. ರೊಬಸ್ಟಾ ಕಾಫಿ ಬೆಳೆಯುವ ನಮಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ: ಜನವರಿಯಿಂದ ಮಾರ್ಚಿನವರೆಗೆ ಕೊಯ್ಲು, ಒಣಗಿದ ಚೆರಿ ವ್ಯಾಪಾರಿಗೆ ಹೋದ ಮೇಲೆ ವರ್ಷದ ಹಣ ಒಂದೆರಡು ಕಂತಿನಲ್ಲಿ ಬರುತ್ತದೆ. ಸಂಬಳದ ಖಾತೆಗಳನ್ನು ನೋಡಿ ರೂಢಿಯಿರುವವರಿಗೆ ಅದೇ ಖಾತೆ, ಅರ್ಜಿಗಾಗಿ ಬೇರೆಯವರಿಂದ ತಂದು ತುಂಬಿಸಿದ ಹಣದಂತೆ ಕಾಣಬಹುದು.

ಎರಡನೆಯದು ಜಮೀನಿನದು. ನಾನು ಕೊಟ್ಟಿದ್ದ ಆರ್‌ಟಿಸಿಯಲ್ಲಿ ಪಟ್ಟೇದಾರರಾಗಿ ದೊಡ್ಡಪ್ಪನವರ ಹೆಸರಿದೆ. ಜಮ್ಮಾ ಜಮೀನು ಒಕ್ಕದ, ಅಂದರೆ ಇಡೀ ಮನೆತನದ, ಆಸ್ತಿಯಾಗಿದ್ದು ಅದರ ಹಿರಿಯರಾದ ಪಟ್ಟೇದಾರರ ಹೆಸರಿನಲ್ಲಿರುತ್ತದೆ ಎಂಬುದು ಕೊಡಗಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯಾದರೂ, ದೂರದಲ್ಲಿ ಕುಳಿತು ಓದುವವರಿಗೆ ಅದು ಬೇರೊಬ್ಬರ ತೋಟದ ದಾಖಲೆ ಅಷ್ಟೇ. ತೋಟವೇ ನನ್ನದಲ್ಲವೆಂದಾದರೆ ಆದಾಯವೂ ನನ್ನದಲ್ಲ, ಊರಿಗೆ ಮರಳಲು ಕಾರಣವೂ ಇಲ್ಲ. (ಎ) ಮತ್ತು (ಸಿ) ಎರಡೂ ಈ ಒಂದು ಕೊಂಡಿಯ ಮೇಲೆ ನಿಂತಿದ್ದವು.

ತೀರ್ಮಾನಕ್ಕೆ ದಾರಿ ತೋರಿಸಿದ್ದು ಮಡಿಕೇರಿಯ ವಕೀಲ ಮಿತ್ರರು ಕೇಳಿದ ಒಂದು ಪ್ರಶ್ನೆ: "ಅವರು ಇಲ್ಲವೆಂದ ಪುರಾವೆ ನೀವು ಅಪ್‌ಲೋಡ್ ಮಾಡಿದ ಕಾಗದಗಳಲ್ಲಿ ಇತ್ತೇ?" ನ್ಯಾಯಾಂಗ ಪರಿಶೀಲನೆಯಲ್ಲಿ ನೋಡುವುದು ಅಧಿಕಾರಿಯ ಮುಂದೆ ಆ ದಿನ ಇದ್ದ ದಾಖಲೆಗಳನ್ನು ಇಟ್ಟುಕೊಂಡು ಅವರು ಕೈಗೊಂಡ ನಿರ್ಧಾರ ಕಾನೂನಿಗೆ ಒಪ್ಪುವಂಥದ್ದೇ ಎಂಬುದನ್ನು, ಆಮೇಲೆ ಹೊಂದಿಸಿದ ಹೊಸ ಕಾಗದಗಳಿಂದ ಅಲ್ಲಿ ಹೆಚ್ಚು ಪ್ರಯೋಜನವಿಲ್ಲ. ಗೆದ್ದರೂ ಸಾಮಾನ್ಯವಾಗಿ ಸಿಗುವುದು ವೀಸಾ ಅಲ್ಲ, ಅದೇ ಅರ್ಜಿಯ ಮೇಲೆ ಹೊಸದಾಗಿ ನಿರ್ಧಾರ. ವ್ಯಾಪಾರಿಯ ಬಿಲ್ಲುಗಳನ್ನು ನಾನು ಮೊದಲೇ ಕೊಟ್ಟಿದ್ದು, ಬಿಲ್ಲೇ ಇಲ್ಲವೆಂದು ಪತ್ರ ಹೇಳಿದ್ದರೆ ಪ್ರಶ್ನಿಸುವುದು ನ್ಯಾಯವಾಗುತ್ತಿತ್ತು. ನನ್ನ ಕಡತದಲ್ಲಿ ಬಿಲ್ಲುಗಳೂ ಇರಲಿಲ್ಲ, ಒಕ್ಕದಲ್ಲಿ ನನ್ನ ಸ್ಥಾನ ತೋರಿಸುವ ಕಾಗದವೂ ಇರಲಿಲ್ಲ. ಹೀಗಾಗಿ ಹೊಸ ಅರ್ಜಿಯೇ ಸರಿಯೆಂದು ನಿಶ್ಚಯಿಸಿದೆ. ಅದಕ್ಕೆ ಕಾಯಬೇಕಾದ ಅವಧಿ ಇಲ್ಲ, ಆದರೆ ಶುಲ್ಕ ಮತ್ತೆ ಪೂರ್ತಿ ಕಟ್ಟಬೇಕು.

ಎರಡನೇ ಅರ್ಜಿಗೆ ವ್ಯಾಪಾರಿಯಿಂದ ಎರಡೂ ಮಾರಾಟದ ಬಿಲ್ಲು ತಂದು, ಬ್ಯಾಂಕಿನ ಪಟ್ಟಿಯಲ್ಲಿ ಆಯಾ ಜಮೆಯ ಪಕ್ಕದಲ್ಲಿ ಬಿಲ್ಲಿನ ಸಂಖ್ಯೆ ಬರೆದೆ. 12,00,000 ರೂಪಾಯಿ ಮಾರಾಟದಲ್ಲಿ ಕೂಲಿ, ಗೊಬ್ಬರ, ನೀರು ಹಾಯಿಸುವ ಖರ್ಚು ಎಲ್ಲ ಸೇರಿ 4,80,000 ಹೋಗಿ ಉಳಿದ 7,20,000ವನ್ನು ಹನ್ನೆರಡು ತಿಂಗಳಿಗೆ ಹಂಚಿದಾಗ ಬರುವುದೇ ಆ 60,000 ಎಂದು ಲೆಕ್ಕ ತೋರಿಸಿದೆ. ಆದಾಯ ತೆರಿಗೆಯ ಕಾಗದ ಏಕಿಲ್ಲ ಎಂಬ ಪ್ರಶ್ನೆ ಏಳಬಾರದೆಂದು, ಸಂಸ್ಕರಿಸದ ಚೆರಿಯನ್ನು ಹಾಗೆಯೇ ಮಾರುವ ಬೆಳೆಗಾರನ ಆದಾಯ ಕೃಷಿ ಆದಾಯವಾದ್ದರಿಂದ ಕೇಂದ್ರದ ತೆರಿಗೆ ಅದಕ್ಕಿಲ್ಲವೆಂದೂ ಬರೆದೆ. ಜಮೀನಿಗೆ ಸಂಬಂಧಿಸಿ ವಂಶವೃಕ್ಷ, ತೋಟದ ಯಾವ ಭಾಗವನ್ನು ನಾನು ನೋಡಿಕೊಳ್ಳುತ್ತಿದ್ದೇನೆಂದು ದೊಡ್ಡಪ್ಪನವರು ಕೊಟ್ಟ ನೋಟರಿ ಪ್ರಮಾಣಪತ್ರ, ಜಮ್ಮಾ ಪದ್ಧತಿಯ ಕುರಿತು ನಾಲ್ಕು ಸಾಲು. ಕನ್ನಡದ ಪ್ರತಿ ಕಾಗದಕ್ಕೂ ಇಂಗ್ಲಿಷ್ ಅನುವಾದ ಬೇಕು. ಅನುವಾದ ಯಥಾವತ್ತಾಗಿದೆ ಎಂಬ ಹೇಳಿಕೆಯ ಜೊತೆಗೆ ಅನುವಾದಕರ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ ಅದರಲ್ಲಿರಬೇಕು.

ಮುಖಪತ್ರವನ್ನು ನಿರಾಕರಣೆಯ ಪತ್ರದ ಕ್ರಮದಲ್ಲಿಯೇ ಬರೆದೆ: ಅವರು ಹೇಳಿದ ಸಂಗತಿ, ಅದಕ್ಕೆ ಉತ್ತರ, ಉತ್ತರವಿರುವ ಪುಟ. ಅಧಿಕಾರಿಯ ತೀರ್ಮಾನದ ಬಗ್ಗೆ ದೂರಿನ ಮಾತು ಒಂದೂ ಇರಲಿಲ್ಲ. ಹಿಂದೆ ವೀಸಾ ನಿರಾಕರಣೆ ಆಗಿದೆಯೇ ಎಂಬ ಪ್ರಶ್ನೆಗೆ ಹೌದೆಂದು, ದಿನಾಂಕ ಮತ್ತು ಕಾರಣದೊಡನೆ ಉತ್ತರಿಸಿದೆ. ಈ ಪ್ರಶ್ನೆ ಬೇರೆ ದೇಶಗಳ ಅರ್ಜಿಗಳಲ್ಲಿಯೂ ಬರುತ್ತದೆ, ಅದನ್ನು ಮುಚ್ಚಿಡುವುದು ಮೊದಲ ನಿರಾಕರಣೆಗಿಂತ ಬಹಳ ದೊಡ್ಡ ತೊಂದರೆ ತರುತ್ತದೆ. ಆ ಅರ್ಜಿಗೆ ಆರು ತಿಂಗಳ ವೀಸಾ ಬಂತು.

ನನ್ನ ಪ್ರಕರಣ ಕಾಗದದ ಕೊರತೆಯದ್ದಾಗಿತ್ತು. ಪತ್ರದಲ್ಲಿ ದಾಖಲೆ ನಕಲಿ ಅಥವಾ ಅರ್ಜಿದಾರರು ವಂಚಿಸಿದ್ದಾರೆ ಎಂಬ ಮಾತಿದ್ದರೆ ಈ ದಾರಿ ನಡೆಯದು. ಆ ಕಾರಣಕ್ಕೆ ಮುಂದಿನ ಅರ್ಜಿಗಳೂ ಹತ್ತು ವರ್ಷದವರೆಗೆ ತಿರಸ್ಕೃತವಾಗಬಹುದು. ಆದ್ದರಿಂದ ಆರೋಪ ಸುಳ್ಳಾಗಿದ್ದರೆ ಆ ಮೂರು ತಿಂಗಳ ಗಡುವಿನೊಳಗೆ ಅಲ್ಲಿನ ವಲಸೆ ಕಾನೂನಿನ ವಕೀಲರನ್ನು ಹಿಡಿದು ನಿರ್ಧಾರವನ್ನೇ ಪ್ರಶ್ನಿಸಬೇಕು. ಗಂಡ ಅಥವಾ ಹೆಂಡತಿಯ ಜೊತೆ ನೆಲೆಸಲು ಹಾಕುವ ಅರ್ಜಿಯ ನಿಯಮವೂ ಬೇರೆ. ಅದರ ನಿರಾಕರಣೆಗೆ ಸಾಮಾನ್ಯವಾಗಿ ಮಾನವ ಹಕ್ಕಿನ ಆಧಾರದಲ್ಲಿ ಮೇಲ್ಮನವಿ ಉಂಟು, ಇಲ್ಲಿಂದ ಹಾಕುವವರಿಗೆ ಗಡುವು 28 ದಿನ.